ಮೇಲಿನ ಮಿತಿಗೆ ಒತ್ತಿ ಕಡೆದ ಶಾಫ್ಟ್‌ಗಳು

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಮಣಿಪಾಲದ ಕೈಗಾರಿಕಾ ವಲಯದ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ನಾನು ಸೂಪರ್‌ವೈಸರ್. ಬಾಯಿ ಜೋರು. ಪಂಪಿನ ಶಾಫ್ಟ್‌ನ ದೊಡ್ಡ ಆರ್ಡರ್ ಬರುವುದರಲ್ಲಿತ್ತು. ಅದು ಬಂದರೆ ಮಾತ್ರ ಲೇತ್ ಮೆಷಿನಿನಲ್ಲಿ ಶಾಫ್ಟ್ ಕಡೆಯುವ, ಬಾಗಲಕೋಟೆ ಕಡೆಯ ನಮ್ಮ ಟರ್ನರ್‌ನ ಕೆಲಸ ಖಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಎಂದು ಧಣಿಗಳು ಹೇಳಿದ್ದರು. ಅವನು ಪರ್ಕಳದಲ್ಲಿ ರೂಮು ಮಾಡಿ ಹೆಂಡತಿಯನ್ನೂ ಕರೆಸಿಕೊಂಡಿದ್ದ.

ಗಿರಾಕಿ ಕಂಪನಿಯ ತಪಾಸಣೆ ಆಫೀಸರು ತಮ್ಮ ಡ್ರಾಯಿಂಗಿನ ಮೂಲೆಯನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ತಂದಿದ್ದರು. ಅದು ಮಸುಕು. "ಇದೆಂತ ಸರ್, ಒಂಬತ್ತೋ ಎಂಟೋ ಗೊತ್ತಾಗುವುದಿಲ್ಲ," ಎಂದು ರೇಗಿದೆ. ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದಾಗ ಸ್ಪಷ್ಟವಾಯಿತು: ಶಾಫ್ಟ್‌ನ ದಪ್ಪಕ್ಕೆ ಮೇಲಿನ ಮಿತಿ 25.06 ಮಿಲಿಮೀಟರ್, ಕೆಳಗಿನದು 24.94. ಅದನ್ನು ನೋಡಿ ಟರ್ನರ್ ಕಡೆದ ಮೂವತ್ತು ಶಾಫ್ಟ್ ಅಳೆದೆವು. ಸರಾಸರಿ 25.03; ವಿಚಲನೆ, ಅಂದರೆ ಅಳತೆಗಳು ಸರಾಸರಿಯಿಂದ ಆಚೀಚೆ ಸರಿಯುವ ಪ್ರಮಾಣ, 0.01.

ನಾನು ಕ್ಯಾಲ್ಕುಲೇಟರ್ ಕುಟ್ಟಿದೆ. ಮಿತಿಗಳ ನಡುವಿನ ಅಂತರ 0.12, ವಿಚಲನೆಯ ಆರು ಪಟ್ಟು 0.06. ಅದನ್ನು ಇದರಿಂದ ಭಾಗಿಸಿದೆ. "ಎರಡು! ಆರ್ಡರ್ ಕೊಡಲಿಕ್ಕೆ ನಿಮಗೆ ಬೇಕಾದದ್ದು ಕನಿಷ್ಠ 1.33 ಅಲ್ವಾ?" ಎಂದು ಬೀಗಿದೆ.

"ಅದು ಹರವು ಎಷ್ಟು ಕಿರಿದು ಅಂತ ಮಾತ್ರ ಹೇಳುತ್ತದೆ," ಎಂದರು ಆಫೀಸರು. "ಸರಾಸರಿ ನಡುವಿನಲ್ಲಿಲ್ಲವಲ್ಲ. ಹತ್ತಿರದ ಮಿತಿ ತೆಗೆದುಕೊಳ್ಳಿ. 25.06ರಿಂದ 25.03 ಕಳೆದರೆ 0.03. ವಿಚಲನೆಯ ಮೂರು ಪಟ್ಟು ಕೂಡ 0.03. ಭಾಗಿಸಿದರೆ ಬರುವುದು ಬರೀ ಒಂದು. ಸಾಲದು."

ನನ್ನ ಮುಖ ಕಾದ ಕಾವಲಿಯಾಯಿತು. ಅವಮಾನ ತಡೆಯಲಾಗದೆ ಟರ್ನರ್ ಮೇಲೆ ಹರಿಹಾಯ್ದೆ. "ನಡುವಿನಲ್ಲಿ ಇಡಲಿಕ್ಕೆ ನಿನಗೆಂತ ರೋಗ ಮಾರಾಯ? ಎಲ್ಲರ ಅನ್ನಕ್ಕೂ ಕಲ್ಲು ಹಾಕಿದೆಯಲ್ಲ!" ಆಫೀಸರೇ, "ಟೂಲ್ ಆಫ್‌ಸೆಟ್ 0.03 ಇಳಿಸಿ, ಇನ್ನೂ ಮೂವತ್ತು ಕಡೆಯಲಿ ನೋಡುವ," ಎಂದರು. ಟರ್ನರ್ ಲೇತಿನ ಉಳಿಯನ್ನು ಅಷ್ಟು ಒಳಗೆ ಸರಿಸಿ ಕಡೆದ. ಸರಾಸರಿ 25.00ಕ್ಕೆ ಬಂದು ನಿಂತಿತು, ವಿಚಲನೆ ಅಷ್ಟೇ ಉಳಿಯಿತು. ಈಗ ಎರಡೂ ಮಿತಿಗೆ ಅಂತರ 0.06, ಅದನ್ನು 0.03ರಿಂದ ಭಾಗಿಸಿದರೆ ಉತ್ತರ ಎರಡು. ಆರ್ಡರ್ ನಮ್ಮದಾಯಿತು.

ಆಗಿನಿಂದ ಅಲ್ಲೇ ನಿಂತು ನೋಡುತ್ತಿದ್ದ ಧಣಿಗಳು ನಗುತ್ತಾ ಟರ್ನರ್‌ನನ್ನು ಕೇಳಿದರು, "ಇಷ್ಟೇ ಕೆಲಸ. ಮೊದಲೇ ಮಾಡಲಿಕ್ಕೆ ಏನಾಗಿತ್ತು?"

"ತಪ್ಪಾತ್ರೀ," ಎಂದ ಅವನು.

ತಪ್ಪು ಅವನದಾಗಿರಲಿಲ್ಲ. ಕೆಲಸಕ್ಕೆ ಸೇರಿದ ವಾರವೇ ಅವನಿಗೆ, "ಯಾವಾಗಲೂ ಮೇಲಿನ ಮಿತಿಗೆ ಒತ್ತಿ ಕಡೆ. ದಪ್ಪ ಇದ್ದರೆ ಇನ್ನೊಮ್ಮೆ ಕೆರೆಯಬಹುದು, ತೆಳುವಾದರೆ ಗುಜರಿಗೆ," ಎಂದು ಕಲಿಸಿದವನು ನಾನೇ. "ಅವನದಲ್ಲ ಧಣಿ. ಹಾಗೆ ಕಡೆಯಲು ಹೇಳಿಕೊಟ್ಟವನು ನಾನು," ಎಂದೆ.

"ಮತ್ತೆ ಆಗ ಅವನಿಗೆ ಅಷ್ಟು ಬೈದದ್ದು ಎಂತಕ್ಕೆ?"

ಥೂ, ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಟರ್ನರ್ ಕೈ ಒರೆಸಿಕೊಳ್ಳುತ್ತಾ ನನ್ನ ಪರವಾಗಿ ಉತ್ತರ ಕೊಟ್ಟ: "ಬಯ್ಯೂದು ಅವರ ರೂಢಿ ಐತ್ರೀ, ನಮಗೇನೂ ಅನಸೂದಿಲ್ಲ. ಬಿಡ್ರಿ."