ಕೊಡೆ ತಪ್ಪಿದ ವಾಕ್ಯ

ನಮ್ಮಣ್ಣನಿಗೆ ಮನೆಯಲ್ಲಿ ಕತ್ತರಿ ಎಂದೇ ಹೆಸರು. ಕಾಲೇಜಿನಲ್ಲಿ ಫ್ರೆಂಚ್ ಮೇಷ್ಟ್ರು. ಬಿಡುವಾದಾಗ ಫ್ರೆಂಚ್ ತತ್ವಶಾಸ್ತ್ರವನ್ನು ಕನ್ನಡಕ್ಕೆ ತರುವ ಹುಚ್ಚು. ಪುಟಗಳ ಜೆರಾಕ್ಸ್ ತೆಗೆಸಿ, ಮಾರುದ್ದದ ವಾಕ್ಯಗಳನ್ನು ನಿಜವಾಗಿಯೂ ಕತ್ತರಿಯಿಂದಲೇ ತುಂಡರಿಸಿ ನಡುಮನೆಯ ತುಂಬ ಹರಡುತ್ತಿದ್ದ. ನಾನು ಪೊರಕೆ ಹಿಡಿದರೆ ಹೊಡೆಯಲಿಕ್ಕೇ ಬರುತ್ತಿದ್ದ.

ಆ ಚೂರುಗಳಿಗೂ ಒಂದು ಕ್ರಮವಿತ್ತು. ವಾಕ್ಯದ ತೀರ್ಮಾನ ಎಲ್ಲಿದೆಯೆಂದು ಮೊದಲು ಹುಡುಕಿ ಅದರ ಮೇಲೆ ಒಂದು ಕಲ್ಲಿಡುತ್ತಿದ್ದ. ಲೇಖಕನ ಸ್ವಂತ ಮಾತು ಕಲ್ಲಿನ ಬಲಕ್ಕೆ. ವಾದಕ್ಕಾಗಿ ಒಪ್ಪಿಕೊಂಡ ಎದುರಾಳಿಯ ಮಾತು ಎಡಕ್ಕೆ. ಇಡೀ ವಾಕ್ಯವನ್ನು ಹಾಗೇ ಕನ್ನಡಕ್ಕಿಳಿಸಿದರೆ, ಕೊನೆಯ ‘ಎಂದು ಒಪ್ಪಿದರೂ’ ಸಿಗುವವರೆಗೆ ಓದುವವರಿಗೆ ಏದುಸಿರು ಬರುತ್ತದೆ ಎನ್ನುತ್ತಿದ್ದ. ಫ್ರೆಂಚಿನಲ್ಲಿ ಹಾಗಲ್ಲವಂತೆ. ಶುರುವಿನಲ್ಲೇ ‘ಇದು ನಿಜವೇ ಆದರೂ’ ಎಂದುಬಿಟ್ಟು, ಮುಂದಿನ ತುಂಡುಗಳ ತಲೆಯ ಮೇಲೆಲ್ಲ ‘ಕ’ ಎಂಬ ಪುಟ್ಟ ಪದ ಕೂತಿರುತ್ತದಂತೆ, ಎಲ್ಲವೂ ಆ ‘ಆದರೂ’ಗೆ ಸೇರಿದ್ದೆಂದು ನೆನಪಿಸಲು.

ಹಿಂಸೆಯ ಬಗೆಗಿನ ಪುಸ್ತಕದಲ್ಲಿ ಅರ್ಧ ಪುಟದ ಅಂಥದೊಂದು ವಾಕ್ಯವಿತ್ತು. ಅಣ್ಣ ಅದನ್ನು ಚಂದವಾಗಿ ಕತ್ತರಿಸಿದ. ‘ಹೀಗೆ ಹೇಳುವವರಿದ್ದಾರೆ. ಹೊಡೆತ ತಿಂದವನಿಗೆ ಹೊಡೆತವೊಂದೇ ಭಾಷೆ. ನೋಡುತ್ತ ನಿಂತವನೂ ಹೊಡೆದವನೇ. ಅವನನ್ನೂ ಬಿಡಬಾರದು.’ ಅದರಿಂದ ಕೈ ಮಾಡುವ ಹಕ್ಕು ಹುಟ್ಟುವುದಿಲ್ಲ ಎಂಬ ತೀರ್ಮಾನ ಅಚ್ಚಿನಲ್ಲಿ ಮುಂದಿನ ಪುಟಕ್ಕೆ ಹೋಯಿತು. ‘ಹೀಗೆ ಹೇಳುವವರಿದ್ದಾರೆ’ ಎಂಬುದು ಮೊದಲ ತುಂಡಿಗಷ್ಟೇ ತಗುಲಿ, ಮೂವರಿಗೆ ಹಿಡಿಯಬೇಕಾದ ಕೊಡೆಯನ್ನು ಒಬ್ಬನಿಗೆ ಹಿಡಿದು ಉಳಿದವರನ್ನು ಮಳೆಗೆ ಬಿಟ್ಟ ಹಾಗಾಯಿತು.

ನನ್ನ ಗಂಡ ನೂಲಿನ ಗಿರಣಿಯಲ್ಲಿ ಗೇಟು ಕಾಯುತ್ತಿದ್ದರು. ಮುಷ್ಕರ ನಡೆದಿತ್ತು. ಒಂದು ದಿನ ಮಾಲೀಕನ ಕಡೆಯ ಗೂಂಡಾಗಳು ಒಬ್ಬ ಕೆಲಸಗಾರನನ್ನು ಗೇಟಿನೊಳಗೆ ಎಳೆದುಕೊಂಡು ಪಕ್ಕೆಲುಬು ಮುರಿಯುವಂತೆ ತುಳಿದರು. ಇವರು ಬೀಗದ ಕೈ ಹಿಡಿದು ನಿಂತೇ ಇದ್ದರು. ಕೈಕಾಲು ಆಡಲಿಲ್ಲ ಎಂದು ಆಮೇಲೆ ಹೇಳಿದರು. ಗಿರಣಿಯ ಹುಡುಗರದೊಂದು ಓದುವ ಬಳಗವಿತ್ತು, ಅಣ್ಣನ ಪುಸ್ತಕ ಅಲ್ಲಿ ಕೈಯಿಂದ ಕೈಗೆ ಹೋಗಿತ್ತು. ಮರುದಿನ ಗೇಟಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದರು: ನೋಡುತ್ತ ನಿಂತವನೂ ಹೊಡೆದವನೇ. ಅವನನ್ನೂ ಬಿಡಬಾರದು.

ಬಿಡಲಿಲ್ಲ. ಯಂತ್ರದ ಸರಳಿನಿಂದ ಇವರ ಮುಖಕ್ಕೇ ಹೊಡೆದರು. ಬಿದ್ದ ಮೇಲೂ ಹೊಡೆದರು. ಎಡಗಣ್ಣು ಹೋಯಿತು, ಹಲ್ಲುಗಳು ಅಂಗಿಯ ಜೇಬಿನಲ್ಲಿ ಸಿಕ್ಕವು. ಯಾರೋ ಪುಣ್ಯಾತ್ಮರು ಆಯ್ದು ಹಾಕಿರಬೇಕು. ಆಸ್ಪತ್ರೆಗೆ ಬರುವ ದಾರಿಯಲ್ಲಿ ಅಣ್ಣ ಆ ಗೋಡೆ ಓದಿಕೊಂಡು ಬಂದಿದ್ದ. ನನ್ನ ಮುಖ ನೋಡಲಿಲ್ಲ. ನಾನು ಅವನ ಕಪಾಳಕ್ಕೆ ಬಿಟ್ಟೆ, ವಾರ್ಡಿನವರೆಲ್ಲ ನೋಡುತ್ತಿದ್ದ ಹಾಗೆಯೇ. ಇವತ್ತಿಗೂ ನನಗೆ ಅದಕ್ಕೆ ಬೇಸರವಿಲ್ಲ.

ಹುಡುಗರು ಮುಂದಿನ ಸರದಿ ಯಾರದೆಂದು ಹೆಸರು ಹೇಳತೊಡಗಿದ್ದರು. ಅಂದು ಅಲ್ಲಿ ನಿಂತಿದ್ದ ಗುಮಾಸ್ತ, ಕಸ ಗುಡಿಸುವ ಮುದುಕಿ. ಅಣ್ಣ ಚೂರುಗಳನ್ನು ಮತ್ತೆ ಹರಡಿ ಹೊಸದಾಗಿ ಕತ್ತರಿಸಿದ. ಈ ಸಲ ಕಲ್ಲಿನ ಕೆಳಗಿನ ಚೂರೇ ಮೊದಲು ಬಂತು, ಉಳಿದ ಒಂದೊಂದರ ಒಳಗೂ ಅದು ಯಾರ ಮಾತೆಂದು ಸೇರಿಸಿದ. ಅದನ್ನು ಹಿಡಿದು ಗೇಟಿನ ಸಭೆಗೆ ಹೋಗಿ ಓದಿದ: ‘ನೋಡುತ್ತ ನಿಂತವನ ಮೇಲೆ ಕೈ ಮಾಡುವ ಹಕ್ಕು ಯಾರಿಗೂ ಇಲ್ಲ. ಅವನೂ ಹೊಡೆದವನೇ ಎಂದು ಕೆಲವರು ವಾದಿಸುತ್ತಾರೆ. ಅವನನ್ನೂ ಬಿಡಬಾರದು ಎನ್ನುವವರೂ ಅವರೇ. ಅವರು ಹೇಳುವುದು ನಿಜವೆಂದೇ ಇಟ್ಟುಕೊಂಡರೂ, ಆ ಹಕ್ಕು ಅದರಿಂದ ಹುಟ್ಟುವುದಿಲ್ಲ.’

ಭಾವನ ಕಣ್ಣು ಹೋಗಿದ್ದಕ್ಕೆ ಮೇಷ್ಟ್ರು ಪುಸ್ತಕವನ್ನೇ ತಿರುಚಿದರು ಎಂದು ಒಬ್ಬ ಕೂಗಿದ. ಅಣ್ಣನ ಬಲಗೈಯನ್ನು ಗೇಟಿನ ಸಂದಿಗೆ ಇಟ್ಟು ಗೇಟು ಹಾಕಿದರು. ತೆಗೆದು ಇನ್ನೊಮ್ಮೆ ಹಾಕಿದರು. ಗಿರಣಿಯ ಅರ್ಧ ಜನ ಅಲ್ಲೇ ಇದ್ದರು, ಒಬ್ಬರೂ ಮಿಸುಕಲಿಲ್ಲ. ಆದರೆ ಆ ಗುಮಾಸ್ತನ ಸುದ್ದಿಗಾಗಲಿ ಮುದುಕಿಯ ಸುದ್ದಿಗಾಗಲಿ ಆಮೇಲೆ ಯಾರೂ ಹೋಗಲಿಲ್ಲ.

ಎರಡನೇ ಮುದ್ರಣಕ್ಕೆ ಇಡೀ ಪುಸ್ತಕವನ್ನು ಮತ್ತೆ ತಿದ್ದಲು ಕೂತೆವು. ಅಣ್ಣನ ಬೆರಳುಗಳು ಇನ್ನು ಮಡಚುವಂತಿರಲಿಲ್ಲ. ಅವನು ಹೇಳುತ್ತಿದ್ದ, ನಾನು ಕತ್ತರಿಸುತ್ತಿದ್ದೆ. ಒಂದೊಂದು ವಾಕ್ಯವನ್ನೂ ಒಂಟಿಯಾಗಿ ಗಂಡನಿಗೆ ಓದಿ ಹೇಳಬೇಕು. ಅವರು ಕಣ್ಣಿನ ಪಟ್ಟಿ ಒತ್ತಿಕೊಂಡು ಪ್ರತಿ ಸಲ ಒಂದೇ ಪ್ರಶ್ನೆ ಕೇಳುವರು: ಇದು ಯಾರ ಮಾತು? ವಾಕ್ಯವೇ ಉತ್ತರ ಹೇಳದಿದ್ದರೆ ಮತ್ತೆ ಕತ್ತರಿ.

ಗೇಟಿನ ವಾಕ್ಯ ಬಂದ ದಿನ ಅಣ್ಣನ ಕೈ ನೋಡಿದೆ.

“ಅವತ್ತು ಗೇಟ್ ಹತ್ರ ಸುಮ್ನೆ ನಿಂತು ನೋಡಿದ್ರಲ್ಲ, ಅವರನ್ನೂ ಬಿಡಬಾರ್ದು,” ಅಂದೆ.

ನನ್ನ ಗಂಡ ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡಿದರು.

“ಇದು ಯಾರ ಮಾತು?” ಅಂದರು.

“ನಂದೇ,” ಅಂದೆ. ಕತ್ತರಿ ನನ್ನ ಕೈಯಲ್ಲೇ ಇತ್ತು.