ಗನಿ ಚಾಚಾ ಬರೆದ ಮೂರು ಕಾಗದ

ಅಬ್ದುಲಗನಿಯವರನ್ನು ಬೈದವರು ರೋಣದಲ್ಲಿ ಯಾರೂ ಇಲ್ಲ. ನಾನೊಬ್ಬಳೇ. ಅದೂ ಮುಖಕ್ಕಲ್ಲ, ಅವರ ಕುರ್ಚಿಗೆ, ಅವರು ನಮಾಜಿಗೆ ಎದ್ದು ಹೋದಾಗ. ಮನುಷ್ಯ ಅಷ್ಟು ಒಳ್ಳೆಯವರು. ಒಳ್ಳೆಯವರ ಜೊತೆ ಕೆಲಸ ಮಾಡುವ ಸಂಕಟ ಏನೆಂದು ನನ್ನನ್ನು ಕೇಳಿ.

ನಮ್ಮದು ಒಂದು ಟ್ರಸ್ಟಿನ ಸಣ್ಣ ಡಯಾಲಿಸಿಸ್ ಕೇಂದ್ರ. ನಾಲ್ಕು ಹಾಸಿಗೆ, ನಾಲ್ಕು ಮಷಿನ್, ಅವಕ್ಕೆಲ್ಲ ಶುದ್ಧ ನೀರು ಕೊಡುವ ಒಂದೇ ಆರ್‌ಓ ಘಟಕ. ಮೇಲ್ವಿಚಾರಕಿ ನಾನು, ನಿಲೋಫರ. ಪತ್ರವ್ಯವಹಾರ ಗನಿ ಚಾಚಾನದು. ಅರವತ್ತೇಳು ವರ್ಷ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಗದಗಿನಲ್ಲಿ ಟೈಪಿಂಗ್ ಕಲಿತು, ಇಲ್ಲಿಯ ಒಬ್ಬ ಹತ್ತಿ ವ್ಯಾಪಾರಿಯ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಾಗದ ಬರೆದವರು. ಮುಂಬಯಿಯ ಗಿರಣಿಗಳಿಗೆ, ಇಚಲಕರಂಜಿಗೆ, ಕೊಯಮತ್ತೂರಿಗೆ. ಊರಲ್ಲಿ ಅರ್ಜಿ ಬರೆಸಬೇಕಾದವರೆಲ್ಲ ಇವತ್ತಿಗೂ ಅವರ ಮನೆ ಕಟ್ಟೆಗೇ ಬರುತ್ತಾರೆ. ನಮ್ಮ ಟ್ರಸ್ಟಿನ ಅಧ್ಯಕ್ಷ ಅಬ್ದುಲಮಜೀದ ಸಾಹೇಬರಿಗಂತೂ ಗನಿಯ ಇಂಗ್ಲಿಷ್ ಎಂದರೆ ಇಂಗ್ಲಿಷ್. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಕಾಗದವಿರಲಿ, ಇಮೇಲ್ ಇರಲಿ, ಚಾಚಾನ ಕಣ್ಣು ದಾಟದೆ ಹೊರಗೆ ಹೋಗುವಂತಿಲ್ಲ.

ಆ ಇಂಗ್ಲಿಷ್ ಕಾಗದ ಹೇಗಿರುತ್ತಿತ್ತು ಎಂದರೆ, ಮೊದಲು ಕಂಪನಿಯ ಘನತೆಗೊಂದು ಸಲಾಂ. ಆಮೇಲೆ 'ಮೇಲೆ ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ'. ಆಮೇಲೆ 'ತಮ್ಮ ಗಮನಕ್ಕೆ ಸವಿನಯದಿಂದ ತರಬಯಸುವುದೇನೆಂದರೆ'. ಏನು ತಂದರು ಎಂದು ನೀವು ಹುಡುಕುತ್ತಿರುವಾಗಲೇ ಕೊನೆಯ ಸಾಲು ಬಂದುಬಿಡುತ್ತದೆ: 'ಕೈಂಡ್ಲಿ ಡು ದ ನೀಡ್‌ಫುಲ್ ಅಂಡ್ ಒಬ್ಲೈಜ್.' ದಯವಿಟ್ಟು ಬೇಕಾದದ್ದನ್ನು ಮಾಡಿ ಉಪಕರಿಸಿ. ಏನು ಬೇಕು? ಅದನ್ನು ಕೇಳಬಾರದು.

ಅವರ ಹೆಂಡತಿ ಜುಲೇಖಾ ಚಾಚಿ ಒಮ್ಮೆ ನಕ್ಕು ಹೇಳಿದ್ದರು. "ಮನ್ಯಾಗೂ ಹಂಗ ಅದಾರವ್ವ. ಸಾರಿಗೆ ಉಪ್ಪು ಕಮ್ಮಿ ಆದ್ರ ಉಪ್ಪು ಕೊಡು ಅನ್ನಂಗಿಲ್ಲ. 'ಮೊನ್ನಿ ಸಾರು ಭಾಳ ಚಲೋ ಆಗಿತ್ತು' ಅಂತಾರ. ನಾ ತಿಳಕೊಂಡು ಉಪ್ಪು ತರಬೇಕು."

ಚಾಚಿಗೆ ತಿಳಿಯುತ್ತದೆ, ನಲವತ್ತು ವರ್ಷದ ಸಂಸಾರ. ನಮಗೆ ಆರ್‌ಓ ಘಟಕ ಕೊಟ್ಟ ಚೆನ್ನೈಯ ಕಂಪನಿಗೆ ಹೇಗೆ ತಿಳಿಯಬೇಕು?

ನಮ್ಮ ಬೋರಿನ ನೀರು ಉಪ್ಪು. ಆರ್‌ಓ ಘಟಕದೊಳಗಿನ ಪೊರೆಗಳು, ಮೆಂಬ್ರೇನ್ ಅನ್ನುತ್ತೇವೆ, ಆ ಉಪ್ಪನ್ನು ತಡೆಯಬೇಕು. ಈ ತಿಂಗಳ ಮೊದಲ ವಾರ ನಮ್ಮ ತಂತ್ರಜ್ಞ ಆಶಿಕ ದಿನದ ತಪಾಸಣೆ ಮಾಡಿ ಬಂದು, ಶುದ್ಧವಾದ ನೀರಿನಲ್ಲೇ ಉಪ್ಪಿನ ಅಳತೆ ದಿನಾ ಸ್ವಲ್ಪ ಸ್ವಲ್ಪ ಏರುತ್ತಿದೆ ಎಂದ. "ಮೆಂಬ್ರೇನ್ ಮುಗದಾವ್ರಿ ಮೇಡಂ. ಎರಡೂ ಬದಲಿ ಮಾಡಬೇಕು. ಅಳತಿ ಗೆರಿ ದಾಟಿದ್ರ ನಾ ಒಬ್ರಿಗೂ ಮಷಿನ್ ಹಚ್ಚಂಗಿಲ್ಲ." ಕಂಪನಿಯ ಜೊತೆ ನಿರ್ವಹಣೆಯ ಕರಾರು ಇದೆ, ಬದಲಿಸುವುದು ಅವರದೇ ಕೆಲಸ. ಒಂದು ಕಾಗದದ ಮಾತು.

ಚಾಚಾ ಬರೆದರು. ಘಟಕದ ಕಾರ್ಯನಿರ್ವಹಣೆ ಸಮಾಧಾನಕರವಾಗಿಲ್ಲ, ಕೈಂಡ್ಲಿ ಡು ದ ನೀಡ್‌ಫುಲ್. ಮರುದಿನ ಉತ್ತರ ಬಂತು: 'ನೋಟೆಡ್. ವಿಲ್ ಡು ದ ನೀಡ್‌ಫುಲ್ ಅಂಡ್ ರಿವರ್ಟ್.' ಗಮನಿಸಿದ್ದೇವೆ, ಬೇಕಾದದ್ದನ್ನು ಮಾಡಿ ತಿಳಿಸುತ್ತೇವೆ.

"ನೋಡ ಬೇಟಿ, ಒಪ್ಪಿಕೊಂಡ್ರು," ಅಂದರು ಚಾಚಾ.

"ಏನು ಒಪ್ಪಿಕೊಂಡ್ರು ಚಾಚಾ? ಯಾರು ಬರ್ತಾರ? ಯಾವತ್ತು ಬರ್ತಾರ?"

"ಮಾಡ್ತೀವಿ ಅಂದಾರಲ್ಲ."

ಹಣೆ ಹಣೆ ಚಚ್ಚಿಕೊಂಡೆ. ಇವರು ಏನೂ ಕೇಳಿಲ್ಲ, ಅವರು ಏನೂ ಕೊಟ್ಟಿಲ್ಲ, ಇಬ್ಬರಿಗೂ ಸಮಾಧಾನ! ವಾರ ಕಳೆಯಿತು. ಎರಡನೇ ಕಾಗದ ಹೋಯಿತು, ಮೊದಲನೆಯದನ್ನು ಮೃದುವಾಗಿ ನೆನಪಿಸಿ. ಅದೇ ಉತ್ತರ. ಫೋನ್ ಮಾಡಿದರೆ ಒಬ್ಬಳು ಹುಡುಗಿ, "ನಿಮ್ಮ ದೂರಿನ ನಂಬರ್ ಹೇಳಿ" ಅನ್ನುತ್ತಾಳೆ. ನಂಬರ್ ಎಲ್ಲಿಂದ ಬರಬೇಕು? ಘಟಕದ ಸೀರಿಯಲ್ ನಂಬರ್ ಇಲ್ಲ, ದೋಷ ಏನೆಂದಿಲ್ಲ. ಅಂಥ ಇಮೇಲನ್ನು ಅವರು ದೂರು ಎಂದೇ ಹಿಡಿಯುವುದಿಲ್ಲವಂತೆ. ಸಾಮಾನ್ಯ ಪತ್ರ ಅಂತ ಒಂದು ಕಡೆ ಇಡುತ್ತಾರೆ. ದೂರು ದಾಖಲಾಗದೆ ಎಂಜಿನಿಯರನ್ನು ಕಳಿಸುವಂತಿಲ್ಲ, ದೂರನ್ನು ಬರಹದಲ್ಲೇ ಕೊಡಬೇಕು.

ಆವತ್ತು ನಾನೇ ಕುಳಿತು ಬರೆದೆ. ಆರು ಸಾಲು. ಘಟಕದ ನಂಬರ್ ಇದು. ಎರಡು ಮೆಂಬ್ರೇನ್ ಮುಗಿದಿವೆ, ಹತ್ತು ದಿನದ ಅಳತೆ ಜೊತೆಗಿದೆ. ಸೋಮವಾರದ ಒಳಗೆ ಎಂಜಿನಿಯರ್ ಬಂದು ಬದಲಿಸಬೇಕು. ಬರುವವರ ಹೆಸರು, ಸಮಯವನ್ನು ಶನಿವಾರ ಮಧ್ಯಾಹ್ನದೊಳಗೆ ಈ ನಂಬರಿಗೆ ತಿಳಿಸಿ. ತಡವಾದರೆ ಡಯಾಲಿಸಿಸ್ ನಿಲ್ಲುತ್ತದೆ.

ಚಾಚಾ ಕನ್ನಡಕ ಏರಿಸಿ ಓದಿದರು. ಅವರ ಮುಖ ಸಣ್ಣದಾಯಿತು.

"ಇದು ಕಾಗದ ಏನ ಬೇಟಿ? ಆಳಿಗೆ ಹುಕುಂ ಕೊಟ್ಟಂಗ ಐತಿ. ಇಷ್ಟೊತ್ತಿಗೆ ಬಾ, ಇದನ್ನ ಮಾಡು ಅಂತ ದೊಡ್ಡ ಕಂಪನಿಗೆ ಬರೀತಾರೇನು?"

"ಬೈದಿಲ್ಲಲ್ಲ ಚಾಚಾ. ಪ್ಲೀಸ್ ಅಂತ ಹಾಕೀನಿ, ಥ್ಯಾಂಕ್ಸ್ ಅಂತ ಹಾಕೀನಿ. ಏನು ಬೇಕಂತ ಹೇಳೀನಿ, ಅಷ್ಟ."

"ನಮ್ಮ ಕಾಲದಾಗ ಒಂದು ಸಾಲು ಬರದ್ರ ಗಿರಣಿಯಿಂದ ಲಾರಿ ಬಂದು ನಿಂತಿರ್ತಿತ್ತು."

"ಆ ಗಿರಣಿಯವಗ ನಿಮ್ಮ ಅಂಗಡಿ ಗೊತ್ತಿತ್ತು, ನಿಮ್ಮ ಹತ್ತಿ ಗೊತ್ತಿತ್ತು, ನೀವೂ ಗೊತ್ತಿದ್ರಿ. ಈ ಹುಡುಗಿಗೆ ರೋಣ ಎಲ್ಲೈತಿ ಅಂತನೂ ಗೊತ್ತಿಲ್ಲ!"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಒಪ್ಪಿದರು ಅಂದುಕೊಂಡೆ. ಅದು ನನ್ನ ಮೂರ್ಖತನ. ಮೈದುನನ ನಿಶ್ಚಿತಾರ್ಥಕ್ಕೆ ನರಗುಂದದ ಬಸ್ಸು ಹತ್ತಬೇಕಿತ್ತು, ಕಳಿಸಿಬಿಡ್ರಿ ಎಂದು ಹೇಳಿ ಓಡಿದೆ.

ಸೋಮವಾರ ಬೆಳಿಗ್ಗೆ ಅಳತೆ ಗೆರೆ ದಾಟಿತು. ಆಶಿಕ ಘಟಕ ಬಂದ್ ಮಾಡಿದ. ಆ ದಿನದ ಎರಡು ಪಾಳಿ ಸೇರಿ ಎಂಟು ಜನ. ಗದಗಿನ ಕೇಂದ್ರದಲ್ಲಿ ಕೈಕಾಲು ಹಿಡಿದು ಏಳು ಜನಕ್ಕೆ ಜಾಗ ಮಾಡಿಸಿದೆವು. ಉಳಿದವಳು ಮುಶಿಗೇರಿಯ ಫಕೀರವ್ವ, ಐವತ್ತೆಂಟರ ಹೆಂಗಸು, ವಾರಕ್ಕೆ ಮೂರು ಸಲ ನಮ್ಮಲ್ಲಿಗೇ ಬರುವವಳು. ಡಾಕ್ಟರರು ಅವಳನ್ನು ನೋಡಿ, ಔಷಧ ಬರೆದು, ಮಷಿನ್ ಹಚ್ಚುವವರೆಗೆ ನೀರು ಗಂಟಲು ಒದ್ದೆಯಾಗುವಷ್ಟೇ ಕುಡಿಯಬೇಕು ಎಂದರು. ಮಂಗಳವಾರ ಸಂಜೆಯೊಳಗೆ ಇಲ್ಲಿ ಆಗದಿದ್ದರೆ, ಇಲ್ಲವೇ ಅದಕ್ಕೂ ಮೊದಲು ಉಸಿರು ಕಟ್ಟಿದರೆ, ಆಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿಗೆ. ಅವಳನ್ನು ನಮ್ಮಲ್ಲೇ ಕಣ್ಣೆದುರು ಉಳಿಸಿಕೊಂಡೆವು.

ಕಂಪನಿಯಿಂದ ಬರಬೇಕಾದವರು ಎಲ್ಲಿ? ಉಳಿದವರನ್ನೆಲ್ಲ ಗದಗಿಗೆ ಸಾಗಿಸುವುದರಲ್ಲೇ ಸೋಮವಾರ ಮುಗಿದಿತ್ತು. ಮಂಗಳವಾರ ಬೆಳಿಗ್ಗೆ ಕಳಿಸಿದ ಇಮೇಲ್ ತೆರೆದು ನೋಡಿದೆ. ನನ್ನ ಆರು ಸಾಲಿನಲ್ಲಿ ಒಂದೂ ಇರಲಿಲ್ಲ. ಘನ ಸಂಸ್ಥೆ ಇತ್ತು. ತಮ್ಮ ಮೊದಲ ಅನುಕೂಲದ ವೇಳೆ ಇತ್ತು. ನೀಡ್‌ಫುಲ್ ಇತ್ತು. ಮೈಯೆಲ್ಲ ಉರಿದುಹೋಯಿತು. ಲ್ಯಾಪ್‌ಟಾಪ್ ಎತ್ತಿಕೊಂಡು ಸೀದಾ ಹೊರಗಿನ ಕೋಣೆಗೆ ಹೋದೆ. ಚಾಚಾ ಫಕೀರವ್ವನ ಹಾಸಿಗೆಯ ಬಳಿ ನಿಂತು, "ಕಾಗದ ಹೋಗೇತಿ, ಚಿಂತಿ ಮಾಡಬ್ಯಾಡವ್ವ" ಎನ್ನುತ್ತಿದ್ದರು.

"ಹೌದ್ರಿ ಚಾಚಾ, ಹೋಗೇತಿ. ಏನಂತ ಹೋಗೇತಿ ಅಂತ ಈ ಅವ್ವಗ ಓದಿ ಹೇಳ್ರಿ. ಕನ್ನಡದಾಗ ಹೇಳ್ರಿ." ನನ್ನ ದನಿ ನನಗೇ ಹೆಚ್ಚೆನಿಸಿತು. ಇಳಿಸಲಿಲ್ಲ.

ಫಕೀರವ್ವ ದಿಂಬಿಗೆ ಒರಗಿ ಎದ್ದು ಕುಳಿತಳು. ಕಾಲು ಬಾತಿದ್ದವು, ತುಟಿ ಒಣಗಿತ್ತು. "ಹ್ಞೂಂ, ಓದ್ರಿ ಸಾಹೇಬ್ರ. ಕೇಳ್ತೀನಿ."

ಚಾಚಾ ಓದಿದರು. ಘನತೆ ದಾಟಿದರು, ವಿಷಯ ದಾಟಿದರು, ವಿನಯ ದಾಟಿದರು. ಕೊನೆಗೆ, "ದಯಮಾಡಿ ಏನು ಬೇಕೋ ಅದನ್ನ ಮಾಡಿ ಉಪಕಾರ ಮಾಡ್ರಿ ಅಂತ ಬರದೀನವ್ವ."

"ಚಲೋ ಬರದೀರಿ. ಏನು ಬೇಕಂತ ಹೇಳೀರಿ?"

ಚಾಚಾ ಮತ್ತೆ ಪರದೆ ನೋಡಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಅವರ ಬೆರಳು ಸಾಲುಗಳ ಮೇಲೆ ಹೋಯಿತು, ಬಂತು.

"ಮಷಿನ್ ನಿಂತೈತಿ ಅಂತರೆ ಐತೇನ್ರಿ ಅದರಾಗ? ಇಲ್ಲಿ ನಾವು ಮಂದಿ ಅದೀವಿ ಅಂತ?"

"ಇಲ್ಲವ್ವ," ಅಂದರು ಚಾಚಾ. ಅವರ ಕಿವಿ ಕೆಂಪಾಗಿತ್ತು.

ಅವರು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡರು. ಆಶಿಕನನ್ನು ಕರೆದು ನಂಬರ್ ಓದಿಸಿದರು. ನಾನು ಬಾಯಿ ಹಾಕಲಿಲ್ಲ. ಅವರು ಬರೆದದ್ದು ನನ್ನದಕ್ಕಿಂತ ಚಿಕ್ಕದು, ನನ್ನದಕ್ಕಿಂತ ಖಡಕ್. 'ನಿಮ್ಮ ಆರ್‌ಓ ಘಟಕ ನಿನ್ನೆ ನಿಂತಿದೆ. ಎರಡು ಮೆಂಬ್ರೇನ್ ಬದಲಿಸಬೇಕು. ಒಬ್ಬ ರೋಗಿ ನಿನ್ನೆಯಿಂದ ಕಾಯುತ್ತಿದ್ದಾರೆ, ಇಂದು ಸಂಜೆ ಮೀರಿ ಕಾಯುವಂತಿಲ್ಲ. ಎಂಜಿನಿಯರ್ ಇಂದು ಎರಡು ಗಂಟೆಯೊಳಗೆ ಇಲ್ಲಿರಬೇಕು. ಅವರ ಹೆಸರನ್ನು ಅರ್ಧ ತಾಸಿನಲ್ಲಿ ನನಗೆ ಫೋನ್ ಮಾಡಿ ತಿಳಿಸಿ.' ಕೆಳಗೆ ಘಟಕದ ನಂಬರ್, ಅವರ ಮೊಬೈಲ್ ನಂಬರ್, ಹೆಸರು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಒಂದು ಗಳಿಗೆ ತಡೆದರು, ದೊಡ್ಡವರ ಮುಂದೆ ಗಟ್ಟಿಯಾಗಿ ಮಾತಾಡಿದವರ ಹಾಗೆ. ಒತ್ತಿದರು.

ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು. ದೂರಿನ ನಂಬರ್ ಕೊಟ್ಟರು. ಮೆಂಬ್ರೇನ್ ಹುಬ್ಬಳ್ಳಿಯ ಗೋದಾಮಿನಲ್ಲೇ ಇದ್ದವಂತೆ! ಎಂಜಿನಿಯರ್ ನಯೀಮ ಒಂದೂಮುಕ್ಕಾಲಿಗೆ ಬೈಕಿನಿಂದ ಇಳಿದ. ಎರಡನ್ನೂ ಬದಲಿಸಿ, ಘಟಕ ತೊಳೆದು, ಸೋಂಕು ತೆಗೆದು, ಮತ್ತೆ ತೊಳೆದು, ಆಶಿಕನ ಜೊತೆ ನಿಂತು ನೀರು ಅಳೆದ. ಅಳತೆ ಗೆರೆಯ ಕೆಳಗೆ ಬಂದದ್ದು ನಾಲ್ಕೂವರೆಗೆ.

"ಲಗೂ ಬಂದಿ ತಮ್ಮಾ," ಅಂದರು ಚಾಚಾ.

"ಲಗೂ ಹೇಳಿದ್ರ ಲಗೂ ಬರ್ತೀವ್ರಿ ಸರ್. ನಿಮ್ಮ ಮೂರು ಮೇಲ್ ಆಫೀಸಿನ್ಯಾಗ ಅದಾವ, ನಾ ನೋಡೀನಿ. ಅಭಿನಂದನಾ ಪತ್ರ ಇರಬೇಕಂತ ಮಾಡಿದ್ವಿ." ಅವನಿಗೆ ನಗು ಬಂತು. ನಮ್ಮಲ್ಲಿ ಯಾರೂ ನಗದಿದ್ದದ್ದನ್ನು ನೋಡಿ ಚೀಲ ಕಟ್ಟತೊಡಗಿದ.

ಫಕೀರವ್ವನಿಗೆ ಮಷಿನ್ ಹಚ್ಚಿದರು. ಕೊಳವೆಯಲ್ಲಿ ರಕ್ತ ಹರಿಯತೊಡಗಿತು. ಚಾಚಾಗೆ ಹೇಳಬೇಕೆಂದು ಎರಡು ವಾರದಿಂದ ಮಾತು ಕೂಡಿಟ್ಟಿದ್ದೆ, ಒಂದಕ್ಕಿಂತ ಒಂದು ಖಾರ. ಅವರು ನನಗೆ ಅವಕಾಶ ಕೊಡದೆ ಅವಳ ಹಾಸಿಗೆಯ ಬಳಿ ಹೋಗಿ ಕೈಕಟ್ಟಿ ನಿಂತರು. ಘನತೆ ಇಲ್ಲ, ವಿಷಯ ಇಲ್ಲ.

"ಫಕೀರವ್ವ, ತಪ್ಪು ನಂದು. ನಿಲೋಫರ ಸರಿಯಾಗಿ ಬರದಿದ್ಲು. ನಾ ಅದನ್ನ ಅಳಿಸಿ ನಂದು ಕಳಿಸಿದೆ. ಅವರ ಹಂತ್ಯಾಕ ಸಾಮಾನು ಇತ್ತು, ಮನಷ್ಯಾ ಇದ್ದ. ನಾ ಕೇಳಿರಲಿಲ್ಲ. ಮಾಫ್ ಮಾಡು."

ಫಕೀರವ್ವ ಅವರನ್ನೇ ನೋಡಿದಳು. ಸಿಟ್ಟಿರಲಿಲ್ಲ. ಬೆರಳು ಮಡಚಿ ದಿನ ಎಣಿಸಿದಳು.

"ಹಂಗಾರ ಎರಡ ದಿನ ನಾ ಸುಮ್ಮನ ನೀರು ಕುಡಿಯೂದು ಬಿಟ್ಟಿದ್ನೇನ್ರಿ ಸಾಹೇಬ್ರ?"

ಇಷ್ಟು ವರ್ಷ ಊರಿಗೆಲ್ಲ ಉತ್ತರ ಬರೆದುಕೊಟ್ಟವರು, "ಹೌದವ್ವ," ಅಂದರು.