ಎಳನೀರು ಕೊಡ್ರಿ ಅಂದಿದ್ದೆ

ದಾವಣಗೆರೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಡಿಪ್ಲೊಮಾ ಹುಡುಗರಿಗೆ ನಾನು ಔಷಧಶಾಸ್ತ್ರ ಕಲಿಸುತ್ತೇನೆ. ನನ್ನ ವಿಷಯದಲ್ಲಿ ಫೇಲಾಗುವವರು ಕಡಿಮೆ, ಅದೊಂದು ಹೆಮ್ಮೆ ನನಗಿತ್ತು. ಯಾವ ಪ್ರಶ್ನೆ ಬರುತ್ತದೆ, ಅದಕ್ಕೆ ಎಷ್ಟು ಬರೆದರೆ ಸಾಕು ಎಂಬುದು ನನಗೆ ಕರತಲಾಮಲಕ. ಮೂತ್ರ ಹೆಚ್ಚಿಸುವ ಮಾತ್ರೆಗಳ ಮೇಲೆ ಒಂದು ಪ್ರಶ್ನೆಯಂತೂ ತಪ್ಪುತ್ತಲೇ ಇರಲಿಲ್ಲ.

ಆ ವರ್ಷದ ತಂಡದಲ್ಲಿ ಮೂವತ್ತು ದಾಟಿದ ಹೆಂಗಸೊಬ್ಬಳಿದ್ದಳು. ಊರು ಹರಿಹರ. ಅಣ್ಣನದು ಅಲ್ಲಿ ಔಷಧಿ ಅಂಗಡಿ. ಲೈಸೆನ್ಸಿಗೆ ಮನೆಯಲ್ಲೇ ಒಬ್ಬರು ಓದಿದವರು ಇರಲಿ ಎಂದು, ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಆಕೆ ಓದಲು ಬಂದಿದ್ದಳು. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು, ಮುಂದಿನ ಬೆಂಚಿನಲ್ಲಿ ಕೂತು, ಹೇಳಿದ್ದನ್ನೆಲ್ಲ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಳ್ಳುವಳು. ನನಗಿಂತ ಆರೇಳು ವರ್ಷ ಚಿಕ್ಕವಳು ಅಷ್ಟೇ. ಆದ್ದರಿಂದ ನಾನು ಆಕೆಯನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ.

ಪರೀಕ್ಷೆಗೆ ಮೂರು ವಾರವಿತ್ತು. ಬೋರ್ಡಿನ ಮೇಲೆ ಮೂತ್ರಪಿಂಡದ ನಾಳದ ಚಿತ್ರ ಬರೆದು, ಪಕ್ಕದಲ್ಲಿ ಮೂರು ಕಾಲಂ ಎಳೆದೆ. ಲೂಪ್ ಗುಂಪಿನ ಫ್ಯೂರೊಸಮೈಡ್, ಹೆನ್ಲೆ ಕುಣಿಕೆಯ ಮೇಲೇರುವ ದಪ್ಪ ಭಾಗದಲ್ಲಿ. ಪೊಟ್ಯಾಸಿಯಂ, ಕ್ಯಾಲ್ಸಿಯಂ ಎರಡೂ ಮೂತ್ರದಲ್ಲಿ ಹೋಗುತ್ತವೆ. ಥಯಜೈಡ್ ಅದರ ಮುಂದೆ, ದೂರದ ನಾಳದ ಶುರುವಿನಲ್ಲಿ. ಪೊಟ್ಯಾಸಿಯಂ ಹೋಗುತ್ತದೆ, ಕ್ಯಾಲ್ಸಿಯಂ ಮಾತ್ರ ದೇಹದಲ್ಲೇ ಉಳಿಯುತ್ತದೆ.

"ಈ ಕ್ಯಾಲ್ಸಿಯಂ ವ್ಯತ್ಯಾಸಾನೇ ಕೇಳೋದು, ಗೆರೆ ಹಾಕ್ಕೊಳ್ರಿ," ಎಂದೆ. "ಪೊಟ್ಯಾಸಿಯಂ ಯಾಕ ಹೋಗ್ತದೆ? ಮೇಲೆ ಹೀರದೆ ಬಿಟ್ಟ ಸೋಡಿಯಂ ಕೆಳಗಿನ ನಾಳಕ್ಕೆ ಬರ್ತದೆ. ಅಲ್ಲಿ ಸೋಡಿಯಂ ಒಳಗೆ ಹೋಗ್ತಾ ಪೊಟ್ಯಾಸಿಯಂ ಹೊರಗೆ ಬೀಳ್ತದೆ."

ಮೂರನೇ ಕಾಲಂ ಇನ್ನೂ ಖಾಲಿ ಇತ್ತು. ಆಗ ಆಕೆ ಎದ್ದು ನಿಂತಳು. ಕೈಯಲ್ಲಿ ಮಾತ್ರೆಯ ಒಂದು ಸ್ಟ್ರಿಪ್, ಬೆಳ್ಳಿ ಬಣ್ಣದ ಪಟ್ಟಿ.

"ಮ್ಯಾಡಮ್, ನಮ್ಮ ಅಮ್ಮಿಗೆ ಹಾರ್ಟಿಂದು ತೊಂದ್ರೆ ಐತ್ರಿ, ಕಾಲು ಬಾತ್ಕೋತಾವು. ಮೊದ್ಲಿನ ಮಾತ್ರೆ ಕೊಟ್ಟಾಗ ಪೊಟ್ಯಾಸಿಯಂ ಕಡಿಮಿ ಆಗೇತಿ, ದಿನಾ ಎಳನೀರು ಕುಡಿಸ್ರಿ ಅಂದಿದ್ರು. ಈಗ ಡಾಕ್ಟ್ರು ಅದನ್ನ ಬಿಡಿಸಿ ಬ್ಯಾರೆ ಕೊಟ್ಟಾರ. ಎಳನೀರು ಹಂಗೇ ಕೊಡ್ಲೇನ್ರಿ?"

ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. ಇನ್ನೊಂದು ಕಾಲಂ, ಅದರ ಮೇಲೆ ಹೋದ ವರ್ಷಗಳ ಪ್ರಶ್ನೆಗಳು ಬಾಕಿ ಇದ್ದವು.

"ಅದೂ ಮೂತ್ರದ ಮಾತ್ರೇನೇ ಹೌದಲ್ಲ?"

"ಹೌದ್ರಿ. ಇಲ್ಲಿ ಐತಿ ನೋಡ್ರಿ..." ಎಂದು ಪಟ್ಟಿಯನ್ನು ಮುಂದೆ ಚಾಚಿದಳು.

"ಹಂಗಾದ್ರೆ ಪೊಟ್ಯಾಸಿಯಂ ಹೋಗೇ ಹೋಗ್ತದೆ. ಎಳನೀರು ಕೊಡ್ರಿ, ಒಳ್ಳೇದೇ. ಈಗ ಕೂಡ್ರಿ, ಪರೀಕ್ಷೆಗೆ ಬರೋದನ್ನ ಮೊದ್ಲು ಬರ್ಕೊಳ್ರಿ."

ಆಕೆ ಕೂತಳು. ನಾನು ಬೋರ್ಡಿನ ಕಡೆ ತಿರುಗಿ ಮೂರನೇ ಕಾಲಂ ತುಂಬಿಸಿದೆ: ಸ್ಪೈರೊನೊಲ್ಯಾಕ್ಟೋನ್, ದೂರದ ನಾಳದ ಕೊನೆ ಮತ್ತು ಸಂಗ್ರಾಹಕ ನಾಳ, ಪೊಟ್ಯಾಸಿಯಂ ಹೋಗುವುದಿಲ್ಲ, ರಕ್ತದಲ್ಲಿ ಏರುತ್ತದೆ. ಒಂದು ನಿಮಿಷದ ಹಿಂದೆ ಹೇಳಿದ ಮಾತಿಗೂ ಈಗ ಬರೆಯುತ್ತಿದ್ದುದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಒಂದು ಪರೀಕ್ಷೆಗೆ ಸೇರಿದ ಮಾತು, ಇನ್ನೊಂದು ಮನೆಗೆ ಸೇರಿದ ಮಾತು ಎಂಬಂತಿತ್ತು.

ಔಷಧಶಾಸ್ತ್ರದ ಪತ್ರಿಕೆಯ ದಿನ ಪ್ರಶ್ನೆ ನಾನು ಹೇಳಿದ ಹಾಗೆಯೇ ಬಂತು: ಮೂತ್ರವರ್ಧಕಗಳನ್ನು ಕೆಲಸ ಮಾಡುವ ಸ್ಥಳದ ಮೇಲೆ ವರ್ಗೀಕರಿಸಿ, ಲವಣಾಂಶಗಳ ಮೇಲಿನ ಪರಿಣಾಮ ಬರೆಯಿರಿ. ಪರೀಕ್ಷೆ ಮುಗಿಸಿ ಹೊರಬಂದವರ ಮುಖ ನೋಡಿಯೇ ನನಗೆ ಖುಷಿ. ಕಾರಿಡಾರಿನಲ್ಲಿ ಆಕೆ ಸಿಕ್ಕಳು. ಎರಡು ದಿನ ಸರಿಯಾಗಿ ಮಲಗದವಳ ಮುಖ.

"ಹೆಂಗೆ ಬರೆದ್ರಿ? ಮೂರು ಕಾಲಂ ಹಾಕಿದ್ರಾ?"

"ಹಾಕಿದೆ ಮ್ಯಾಡಮ್. ಮೂರನೇದು ನಾ ಇನ್ನ ಮರೆಯಂಗಿಲ್ಲ." ಆಕೆ ಗೋಡೆಗೆ ಒರಗಿದಳು. "ಅಮ್ಮಿ ಆಸ್ಪತ್ರ್ಯಾಗ ಅದಾರ. ಮೊನ್ನೆ ಕಾಲು ಎತ್ತಾಕ ಆಗ್ಲಿಲ್ಲ, ನಾಡಿ ನಿಧಾನ ಆಗಿಬಿಡ್ತು. ಇಲ್ಲಿಗೇ ಕರ್ಕೊಂಡು ಬಂದ್ವಿ. ಇಸಿಜಿ ನೋಡಿದ ಕೂಡ್ಲೇ ಡಾಕ್ಟ್ರು ಪೊಟ್ಯಾಸಿಯಂ ಏರೇತಿ ಅಂದ್ರು. ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ರು, ಗ್ಲೂಕೋಸಿನ ಜೊತೆ ಇನ್ಸುಲಿನ್ ಹಾಕಿದ್ರು. ಆ ಮಾತ್ರೆ ಸ್ಪೈರೊನೊಲ್ಯಾಕ್ಟೋನ್ ಇತ್ರಿ, ನಾನು ಕಂಪನಿ ಇಟ್ಟ ಹೆಸರಷ್ಟೇ ಓದಿದ್ದೆ. ಬಿಪಿಗೆ ಕೊಡೋ ರಾಮಿಪ್ರಿಲ್ಲೂ ಪೊಟ್ಯಾಸಿಯಂ ಏರಿಸ್ತದಂತ, ಕಿಡ್ನಿನೂ ಸ್ವಲ್ಪ ಸೋತಾವಂತ. ಅದ್ರ ಮ್ಯಾಲೆ ನಾನು ದಿನಾ ಎರಡೆರಡು ಎಳನೀರು."

"ಈಗ ಹೆಂಗಿದ್ದಾರೆ?"

"ಆರಾಮ ಆಗಾಕತ್ಯಾರ. ತಪ್ಪು ನಂದೇ ಮ್ಯಾಡಮ್. ಅವತ್ತು ಕ್ಲಾಸ್ನ್ಯಾಗ ನಿಮಗೆ ಮಾತ್ರೆ ಹೆಸರೇ ಹೇಳ್ಲಿಲ್ಲ ನಾನು. ಹೆಸರು ಹೇಳಿದ್ರೆ ನೀವು ಬ್ಯಾಡ ಅಂತಿದ್ರಿ."

ಚಾಚಿದ ಆ ಕೈ, ಬೆಳ್ಳಿ ಬಣ್ಣದ ಆ ಪಟ್ಟಿ ನನಗೆ ಚೆನ್ನಾಗಿ ನೆನಪಿತ್ತು. ಎರಡು ಹೆಜ್ಜೆ ಮುಂದೆ ಹೋಗಿ ಓದಿದ್ದರೆ ಸಾಕಿತ್ತು. ಓದದಿದ್ದರೂ, ಯಾವ ಮಾತ್ರೆ ಎಂದು ಕೇಳದೆ ಉತ್ತರ ಹೇಳಬಾರದು ಎಂಬುದು ಮೊದಲ ವರ್ಷದ ಹುಡುಗರಿಗೂ ಗೊತ್ತು. ಇಲ್ಲಮ್ಮ, ನೀವು ತೋರಿಸಿದಿರಿ, ನಾನೇ ನೋಡಲಿಲ್ಲ ಎಂದು ಅಲ್ಲಿಯೇ ಹೇಳಬೇಕಿತ್ತು. ಅಷ್ಟರಲ್ಲಿ ಪ್ರಿನ್ಸಿಪಾಲರು ಅದೇ ದಾರಿಯಲ್ಲಿ ಬಂದರು. ನಾನು ಆಕೆಯ ಭುಜ ತಟ್ಟಿ, "ಇರ್ಲಿ ಬಿಡ್ರಿ, ಮುಂದಿನ ಪೇಪರ್ ಕಡೆ ಗಮನ ಕೊಡ್ರಿ," ಎಂದೆ. ಕ್ಷಮಿಸುವವಳು ನಾನು ಎನ್ನುವ ಹಾಗೆ.

ತಾಯಿ ನಾಲ್ಕು ದಿನಕ್ಕೆ ಮನೆಗೆ ಹೋದರು. ಆಕೆ ಒಳ್ಳೆಯ ಅಂಕ ತೆಗೆದು ಪಾಸಾದಳು. ಹೇಳಿಬಿಡಬೇಕು ಎಂದು ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡಿದ್ದೇನೆ. ರಂಜಾನಿಗೂ ನಮ್ಮ ಹಬ್ಬಗಳಿಗೂ ಆಕೆ ಶುಭಾಶಯ ಕಳಿಸುವಳು, ನಾನು ತಿರುಗಿ ಕಳಿಸುವೆ, ಮುಗಿಯಿತು. ಎರಡು ವರ್ಷ ಹಾಗೇ ಕಳೆದವು.

ಹೋದ ಚಳಿಗಾಲದಲ್ಲಿ ಆಕೆಯ ತಾಯಿ ಹೃದಯದ ಕಾಯಿಲೆ ಬಲಿತು ತೀರಿಕೊಂಡರು. ಸುದ್ದಿ ನನಗೆ ತಿಳಿದದ್ದು ಒಂದು ತಿಂಗಳಾದ ಮೇಲೆ. ಒಂದು ಭಾನುವಾರ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಿಂದ ಹೊರಟು ಹರಿಹರಕ್ಕೆ ಹೋದೆ. ಆಕೆ ಅಂಗಡಿಯಲ್ಲಿ ಒಬ್ಬಳೇ ಇದ್ದಳು. ಎದ್ದು ಬಂದು ಸ್ಟೂಲ್ ಹಾಕಿ, "ಬರ್ರಿ ಮ್ಯಾಡಮ್, ಕೂಡ್ರಿ," ಎಂದಳು. ಕೂತ ಮೇಲೆ ಹೇಳಿದೆ. ಪಟ್ಟಿ ಚಾಚಿದ್ದು, ನಾನು ತಿರುಗಿಕೊಂಡದ್ದು, ಕಾರಿಡಾರಿನಲ್ಲಿ ಸುಮ್ಮನಾದದ್ದು, ಎಲ್ಲ.

ಆಕೆ ಕೌಂಟರಿನ ಗಾಜನ್ನು ಅಂಗೈಯಿಂದ ಒರೆಸುತ್ತ ನಿಂತಳು.

"ಪಟ್ಟಿ ತೋರಿಸಿದ್ದು ನನಗೆ ನೆನಪೇ ಇಲ್ಲ ನೋಡ್ರಿ," ಎಂದಳು ಕೊನೆಗೆ. "ಆಸ್ಪತ್ರೆಯಿಂದ ಬಂದ ಮ್ಯಾಲೆ ಅಮ್ಮಿಗೆ ಮಾತ್ರೆ ಕೊಡಾಕ ನನಗೆ ಧೈರ್ಯ ಬರ್ಲಿಲ್ಲ. ಅತ್ತಿಗೆ ಕೈಲೇ ಕೊಡಿಸ್ತಿದ್ದೆ. ಇಷ್ಟು ಓದಿ ಯಾಕ ದೂರ ನಿಲ್ತೀಯವ್ವ ಅಂತ ಅಮ್ಮಿ ಕೇಳೋರು. ಏನೋ ನೆಪ ಹೇಳ್ತಿದ್ದೆ."

"ನನ್ನಿಂದ ತಪ್ಪಾತು," ಎಂದೆ.

"ತಪ್ಪು ಯಾರ ಕೈಲಾದ್ರೂ ಆಗ್ತೈತಿ ಮ್ಯಾಡಮ್. ಅವತ್ತೇ ಒಂದು ಮಾತು ಹೇಳಿದ್ರೆ ಈ ಎರಡು ವರ್ಷ ನಾನು ಅಮ್ಮಿ ಹತ್ರ ಕೂತ್ಕೋತಿದ್ದೆ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಷ್ಟರಲ್ಲಿ ಔಷಧಿ ಚೀಟಿ ಹಿಡಿದ ಒಬ್ಬರು ಮೆಟ್ಟಿಲು ಹತ್ತಿ ಬಂದರು. ಆಕೆ ಚೀಟಿ ತೆಗೆದುಕೊಂಡು ಓದತೊಡಗಿದಳು. ನಾನು ಬರುತ್ತೇನೆ ಎಂದೆ. ತಲೆ ಎತ್ತದೆ "ಹ್ಞೂಂ ರಿ" ಎಂದಳು.

ಈ ರಂಜಾನಿಗೆ ನಾನೇ ಮೊದಲು ಶುಭಾಶಯ ಕಳಿಸಿದೆ. ಓದಿದ್ದಾಳೆ ಎಂದು ಫೋನ್ ತೋರಿಸುತ್ತದೆ. ಉತ್ತರ ಬಂದಿಲ್ಲ.